ಸ್ಟಾರ್ ಸ್ಕೀಮಾ: ‘ಒಂದು ಸಾಲು ಅಂದರೆ ಏನು’ ಅಂತ ಮೊದಲು ಬರೆದುಕೊಳ್ಳಿ

ತಿಂಗಳ ಕೊನೆಗೆ ಸೇಲ್ಸ್‌ನವರು ಒಂದು ಮೊತ್ತ ಹೇಳುತ್ತಾರೆ, ಅಕೌಂಟ್ಸ್‌ನವರು ಇನ್ನೊಂದು. ಇಂಥ ಜಗಳ ಎಷ್ಟೋ ಕಡೆ ನೋಡಿದ್ದೇನೆ. ಎಲ್ಲರೂ ಮೊದಲು ಬೈಯುವುದು ರಿಪೋರ್ಟ್ ಸಾಫ್ಟ್‌ವೇರ್‌ಗೆ. ಆದರೆ ತಪ್ಪು ಹೆಚ್ಚಾಗಿ ಅದರ ಹಿಂದಿರುವ ಟೇಬಲ್‌ಗಳಲ್ಲಿ ಇರುತ್ತದೆ. ಆ ಟೇಬಲ್‌ಗಳನ್ನು ಜೋಡಿಸುವ ಒಂದು ವಿಧಾನವೇ ಸ್ಟಾರ್ ಸ್ಕೀಮಾ. ಅದನ್ನು ಕಿರಾಣಿ ಸಾಮಾನಿನ ಸಗಟು ವ್ಯಾಪಾರವನ್ನೇ ಇಟ್ಟುಕೊಂಡು ನೋಡೋಣ.

1. ಡೇಟಾ ವೇರ್‌ಹೌಸ್ ಬೇರೆ ಇಡಿ. ಬಿಲ್ಲಿಂಗ್ ಡೇಟಾಬೇಸ್ ಇರುವುದು ಬಿಲ್ ಹಾಕಲು. ಅದರ ಮಾಹಿತಿಯನ್ನು ದಿನಾ ರಾತ್ರಿ ಇನ್ನೊಂದು ಡೇಟಾಬೇಸ್‌ಗೆ ತಂದು, ಪ್ರಶ್ನೆ ಕೇಳಲು ಸುಲಭವಾಗುವಂತೆ ಜೋಡಿಸಿಟ್ಟರೆ ಅದೇ ವೇರ್‌ಹೌಸ್. ಸಣ್ಣ ವ್ಯಾಪಾರಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಧಾರಾಳ ಸಾಕು. ಟೇಬಲ್ ಸರಿಯಾಗುವ ಮೊದಲೇ ದುಬಾರಿ ಡ್ಯಾಶ್‌ಬೋರ್ಡ್ ಕೊಳ್ಳಬೇಡಿ.

2. ನಡುವೆ ಫ್ಯಾಕ್ಟ್, ಸುತ್ತ ಡೈಮೆನ್ಷನ್. ಎಷ್ಟು ಮಾರಿದೆವು, ಎಷ್ಟು ದುಡ್ಡು ಬಂತು ಎಂಬ ಅಂಕಿಗಳು ಫ್ಯಾಕ್ಟ್ ಟೇಬಲ್‌ನಲ್ಲಿ. ಯಾರಿಗೆ, ಯಾವ ಸಾಮಾನು, ಯಾವ ದಿನ ಎಂಬ ವಿವರಗಳು ಸುತ್ತಲಿನ ಡೈಮೆನ್ಷನ್ ಟೇಬಲ್‌ಗಳಲ್ಲಿ. ಚಿತ್ರ ಬರೆದರೆ ನಕ್ಷತ್ರದ ಹಾಗೆ ಕಾಣುತ್ತದೆ, ಹೆಸರು ಬಂದದ್ದು ಅದರಿಂದಲೇ.

3. ಗ್ರೇನ್ ನಿರ್ಧರಿಸಿ. ಜನ ಎಡವುವುದು ಇಲ್ಲೇ. ಫ್ಯಾಕ್ಟ್ ಟೇಬಲ್‌ನ ಒಂದು ಸಾಲು ಅಂದರೆ ಏನು? ಇಡೀ ಬಿಲ್ಲಾ, ಬಿಲ್ಲಿನ ಒಂದೊಂದು ಸಾಮಾನಾ? ಈ ವಿಧಾನವನ್ನು ಬಳಕೆಗೆ ತಂದ ರಾಲ್ಫ್ ಕಿಂಬಾಲ್ ಕೂಡ ಡೈಮೆನ್ಷನ್ ಆರಿಸುವ ಮೊದಲೇ ಇದನ್ನು ತೀರ್ಮಾನಿಸಿ ಅನ್ನುತ್ತಾರೆ. ನನ್ನ ಸಲಹೆ, ಯಾವಾಗಲೂ ಬಿಲ್ಲಿನ ಒಂದು ಸಾಮಾನಿಗೆ ಒಂದು ಸಾಲು. ಸಾಮಾನುಗಳಿಂದ ಬಿಲ್ ಮೊತ್ತ ಕೂಡಿಸಬಹುದು, ಬಿಲ್ ಮೊತ್ತದಿಂದ ಸಾಮಾನಿನ ಲೆಕ್ಕ ಹೊರಡಿಸಲು ಆಗುವುದಿಲ್ಲ.

ಈಗ ಒಂದು ಬಿಲ್ ನೋಡಿ. ತೊಗರಿಬೇಳೆ 1,200 ರೂಪಾಯಿ, ಅಕ್ಕಿ 2,500, ಎಣ್ಣೆ 1,300. ಒಟ್ಟು 5,000. ಅದರ ಮೇಲೆ ಗಾಡಿ ಬಾಡಿಗೆ 150. ಫ್ಯಾಕ್ಟ್‌ನಲ್ಲಿ ಇದು ಮೂರು ಸಾಲು. ಆದರೆ ಬಾಡಿಗೆ ಇಡೀ ಬಿಲ್ಲಿಗೆ ಸೇರಿದ್ದು, ಅಲ್ವಾ? ಬಿಲ್ ಟೇಬಲ್ಲನ್ನು ಬಿಲ್ ನಂಬರ್ ಹಿಡಿದು ಫ್ಯಾಕ್ಟ್‌ಗೆ ಸುಮ್ನೆ ಜೋಡಿಸಿದರೆ, ಅಂದರೆ ಜಾಯಿನ್ ಮಾಡಿದರೆ, ಮೂರೂ ಸಾಲಿನಲ್ಲಿ 150 ಬಂದು ಕೂರುತ್ತದೆ, ಕೂಡಿಸಿದಾಗ 450 ಆಗುತ್ತದೆ, ಒಂದೇ ಸಾಮಾನಿನ ಬಿಲ್ಲುಗಳು ಮಾತ್ರ ಸರಿ ಇರುವುದರಿಂದ ಅಂಥ ಎರಡು ಮೂರು ಬಿಲ್ ಪರೀಕ್ಷಿಸಿ ನೋಡಿದವರಿಗೆ ತಪ್ಪು ಕಾಣುವುದೂ ಇಲ್ಲ.

ಬಾಡಿಗೆಯನ್ನು ಬೆಲೆಯ ಪಾಲಿನಂತೆ ಹಂಚಿ. ಬೇಳೆಗೆ 36, ಅಕ್ಕಿಗೆ 75, ಎಣ್ಣೆಗೆ 39. ಕೂಡಿಸಿದರೆ ಮತ್ತೆ 150. ಪಾಲು ಪೈಸೆಯಲ್ಲಿ ಬಂದರೆ ರೌಂಡ್ ಮಾಡಿ, ಉಳಿದ ಪೈಸೆಯನ್ನು ಕೊನೆಯ ಸಾಲಿಗೆ ಹಾಕಿ. ಬಿಲ್ಲುಗಳ ಸಂಖ್ಯೆ ಬೇಕಾದಾಗಲೂ ಸಾಲು ಎಣಿಸಬೇಡಿ, ಮೂರು ಬರುತ್ತದೆ. `COUNT(DISTINCT bill_no)` ಬಳಸಿ.

4. ಬದಲಾದ ವಿವರದ ಮೇಲೆ ಬರೆಯಬೇಡಿ. ತುಮಕೂರಿನ ಗಿರಾಕಿಯೊಬ್ಬರು ಅಂಗಡಿಯನ್ನು ಹಾಸನಕ್ಕೆ ಒಯ್ದರು ಅನ್ನಿ. ಡೈಮೆನ್ಷನ್‌ನಲ್ಲಿ ಊರು ತಿದ್ದಿದರೆ ಅವರ ಹಳೆಯ ಖರೀದಿಯೂ ಹಾಸನಕ್ಕೆ ಹೋಗುತ್ತದೆ, ಹೋದ ವರ್ಷದ ತುಮಕೂರು ರಿಪೋರ್ಟ್ ಈ ವರ್ಷ ತೆಗೆದಾಗ ಬೇರೆಯೇ ಅಂಕಿ ತೋರಿಸುತ್ತದೆ. ಹಳೆಯ ಸಾಲು ಹಾಗೇ ಇರಲಿ. ಹೊಸ ಸಾಲು ಸೇರಿಸಿ, ಅದಕ್ಕೆ ಹೊಸ ಕೀ, ಅಂದರೆ ಆ ಸಾಲನ್ನು ಗುರುತಿಸುವ ನಂಬರ್, ಕೊಡಿ. ಯಾವ ದಿನದಿಂದ ಯಾವ ದಿನದವರೆಗೆ ಅನ್ನುವುದನ್ನೂ ಎರಡರಲ್ಲೂ ಬರೆಯಿರಿ. ಹಳೆಯ ಬಿಲ್ಲುಗಳು ಹಳೆಯ ಕೀಯನ್ನೇ ಹಿಡಿದಿರುತ್ತವೆ. ಬಿಲ್ಲಿಂಗ್‌ನ ಗಿರಾಕಿ ನಂಬರನ್ನೇ ಕೀ ಮಾಡಿಕೊಳ್ಳುವ ಅಡ್ಡದಾರಿ ಬೇಡ. ಎರಡನೇ ಸಾಲು ಬಂದ ದಿನ ಜಾಯಿನ್ ಎರಡಕ್ಕೂ ತಗಲುತ್ತದೆ, ಆ ಗಿರಾಕಿಯ ಮಾರಾಟ ದುಪ್ಪಟ್ಟಾಗುತ್ತದೆ. ಫೋನ್ ನಂಬರ್ ತಿದ್ದಿದ್ದಕ್ಕೆಲ್ಲ ಹೊಸ ಸಾಲು ಬೇಕಿಲ್ಲ. ಯಾವುದರ ಮೇಲೆ ರಿಪೋರ್ಟ್ ತೆಗೆಯುತ್ತೀರೋ ಅಂಥ ವಿವರಕ್ಕೆ ಸಾಕು.

5. ತಾಳೆ ನೋಡಿ. ಜಾಯಿನ್ ಇಲ್ಲದೆ ಒಮ್ಮೆ, ಜಾಯಿನ್ ಹಾಕಿ ಒಮ್ಮೆ.

```sql
SELECT COUNT(*), SUM(amount) FROM fact_sales;

SELECT COUNT(*), SUM(f.amount)
FROM fact_sales f
JOIN dim_customer c
  ON c.customer_key = f.customer_key;
```

ಎರಡೂ ಒಂದೇ ಬರಬೇಕು. ಎರಡನೆಯದು ಜಾಸ್ತಿ ಬಂದರೆ ಡೈಮೆನ್ಷನ್‌ನಲ್ಲಿ ಒಂದೇ ಕೀ ಎರಡು ಸಲ ಇದೆ. ಕಡಿಮೆ ಬಂದರೆ ಕೆಲವು ಮಾರಾಟಗಳಿಗೆ ಗಿರಾಕಿ ಸಿಕ್ಕಿಲ್ಲ. ಅಂಥವಕ್ಕೆ ‘ಗೊತ್ತಿಲ್ಲ’ ಎಂಬ ಒಂದು ಸಾಲು ಮಾಡಿ ಅದರ ಕೀ ಕೊಡಿ, ಬಿಟ್ಟುಬಿಡಬೇಡಿ. ಆಮೇಲೆ ನಿನ್ನೆಯ ಮೊತ್ತವನ್ನು ಬಿಲ್ಲಿಂಗ್‌ನ ಮೊತ್ತದ ಜೊತೆ ಹೋಲಿಸಿ. ಇದನ್ನು ರಾತ್ರಿ ಮಾಹಿತಿ ತರುವ ಕೆಲಸದ ಕೊನೆಗೇ ಸೇರಿಸಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ, ಕಾರಣ ಸಿಗುವವರೆಗೆ ಆ ದಿನದ ರಿಪೋರ್ಟ್ ಯಾರಿಗೂ ಹೋಗಬಾರದು.