ಕತ್ತು ನೋವಿರುವ ಗೆಳತಿಗೆ ಉಡುಗೊರೆ: ಮೊದಲು ಟೇಪ್ ಹಿಡಿಯಿರಿ

ಮನೆಯಿಂದ ಕೆಲಸ ಮಾಡುವವರಿಗೆ ಕುತ್ತಿಗೆ ದಿಂಬು, ಮಸಾಜರ್ ಕೊಡುವ ಬದಲು ಲ್ಯಾಪ್‌ಟಾಪ್ ಸ್ಟ್ಯಾಂಡ್ ಕೊಡಿ. ಜೊತೆಗೆ ಬೇರೆ ಕೀಬೋರ್ಡ್, ಮೌಸ್ ಇರಲೇಬೇಕು. ಬರೀ ಸ್ಟ್ಯಾಂಡ್ ಕೊಟ್ಟರೆ ಕತ್ತು ನೆಟ್ಟಗಾಗುತ್ತದೆ, ಆದರೆ ಎತ್ತರದಲ್ಲಿ ಟೈಪ್ ಮಾಡಿ ಭುಜ ಹಿಡಿದುಕೊಳ್ಳುತ್ತದೆ.

ಕೊಳ್ಳುವ ಮುಂಚೆ ಅವರಿಂದ ಎರಡು ಅಳತೆ ಕೇಳಿ: ನೆಟ್ಟಗೆ ಕೂತಾಗ ಮೇಜಿನಿಂದ ಕಣ್ಣಿನವರೆಗೆ ಎಷ್ಟು, ತೆರೆದ ಲ್ಯಾಪ್‌ಟಾಪಿನ ಪರದೆಯ ಮೇಲಂಚು ಮೇಜಿನಿಂದ ಎಷ್ಟು. ಕಣ್ಣು 44 ಸೆಂ.ಮೀ., ಪರದೆ 23 ಸೆಂ.ಮೀ. ಅಂದುಕೊಳ್ಳಿ. ವ್ಯತ್ಯಾಸ 21. ಮೇಲಂಚು ಕಣ್ಣಿಗಿಂತ ತುಸು ಕೆಳಗಿದ್ದರೆ ಒಳ್ಳೆಯದೇ, ಹಾಗಾಗಿ 18–20 ಎತ್ತರಿಸುವ ಸ್ಟ್ಯಾಂಡ್ ಸಾಕು. ಅಗ್ಗದ ಮಡಚುವ ಸ್ಟ್ಯಾಂಡ್‌ಗಳಲ್ಲಿ ಹಲವು ಇಷ್ಟು ಏರುವುದಿಲ್ಲ. ವಿವರದಲ್ಲಿ ಗರಿಷ್ಠ ಎತ್ತರ ನೋಡಿಯೇ ತರಿಸಿ. ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗೆ ಇನ್ನೂ ತಗ್ಗಿಸಬೇಕು. ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ಓದಲು ಗದ್ದ ಮೇಲೆತ್ತುತ್ತಾರೆ, ಕತ್ತು ಮತ್ತೆ ನೋಯುತ್ತದೆ.

ಊಟದ ಮೇಜಿನಲ್ಲೇ ಕೆಲಸವಾದರೆ ಇನ್ನೊಂದು ತೊಡಕು. ಅದು ಸುಮಾರು 75 ಸೆಂ.ಮೀ. ಎತ್ತರ, ಕುಳ್ಳಗಿರುವವರ ಮೊಣಕೈಗಿಂತ ಮೇಲೆ. ಟೈಪ್ ಮಾಡುವಾಗ ಭುಜ ಕಿವಿಯ ಕಡೆ ಏರಿದ್ದರೆ ಇದೇ ಕಾರಣ. ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ದಪ್ಪದ ಗಟ್ಟಿ ಕುಶನ್ ಕೊಡಿ (ಮೆತ್ತನೆಯದು ಒಂದೇ ವಾರದಲ್ಲಿ ಅಪ್ಪಚ್ಚಿ). ಆಗ ಕಾಲು ನೇತಾಡುತ್ತದೆ, ತೊಡೆಯ ಕೆಳಗೆ ಒತ್ತುತ್ತದೆ, ಕೂತವರು ಮುಂದೆ ಜಾರಿ ಬೆನ್ನಿನ ಆಸರೆ ಬಿಡುತ್ತಾರೆ. ಅದಕ್ಕೆ ಕುಶನ್ನಿನಷ್ಟೇ ಎತ್ತರದ ಕಾಲುಮಣೆ ಬೇಕು. ಕುಶನ್ ಕೊಡುವುದಾದರೆ ಕಣ್ಣಿನ ಅಳತೆಯನ್ನು ಅದರ ಮೇಲೆ ಕೂತೇ ತೆಗೆಯಲು ಹೇಳಿ.

ಕೈ ಜೋಮು ಹಿಡಿಯುತ್ತಿದ್ದರೆ ಇದ್ಯಾವುದೂ ಮದ್ದಲ್ಲ, ಡಾಕ್ಟರಿಗೆ ತೋರಿಸಬೇಕು.