ಕುಂದನ್ನೂ ಬರೆದೆ, ಹುಡುಗನಿಗೆ ಕೆಲಸವೂ ಸಿಕ್ಕಿತು

"ರೆಫರೆನ್ಸ್‌ನಲ್ಲಿ ಕುಂದು ಬರೆದರೆ ಹುಡುಗನ ಹೊಟ್ಟೆ ಮೇಲೆ ಹೊಡೆದ ಹಾಗೆ" ಅಂತ ನನ್ನ ಜೊತೆಯ ಮ್ಯಾನೇಜರ್‌ಗಳು ಹೇಳುತ್ತಲೇ ಇದ್ದರು. ನನ್ನ ಕೈಕೆಳಗೆ ದುಡಿದಿದ್ದ ಹುಡುಗನೊಬ್ಬ ಹೊಸ ಕೆಲಸಕ್ಕೆ ರೆಫರೆನ್ಸ್ ಪತ್ರ ಕೇಳಿದಾಗ ಆದರೂ ಬರೆದೆ. ಕೆಲಸ ಸಿಕ್ಕಿತು, ಅವನು ಕೇಳಿದ ಸಂಬಳಕ್ಕಿಂತ ಸ್ವಲ್ಪವೇ ಕಡಿಮೆಗೆ.

ಮೊದಲು ನಾನೂ ಎಲ್ಲರ ಹಾಗೆ "ಶ್ರಮಪಟ್ಟು ದುಡಿಯುತ್ತಾರೆ, ಎಲ್ಲರ ಜೊತೆ ಹೊಂದಿಕೊಳ್ಳುತ್ತಾರೆ" ಅಂತ ನಾಲ್ಕು ಸಾಲು ಕಳಿಸುತ್ತಿದ್ದೆ. ಅದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಒಬ್ಬ ರಿಕ್ರೂಟರ್ ನೇರವಾಗಿಯೇ ಹೇಳಿದರು: "ಸರ್, ಇಂಥ ಪತ್ರ ಎಲ್ಲರ ಬಗ್ಗೆಯೂ ಬರುತ್ತೆ. ನಮ್ಮ ಕ್ಲೈಂಟ್ ಓದೋದೇ ಇಲ್ಲ." ಅವರ ದುಡ್ಡಿನ ಲೆಕ್ಕವೂ ಆಗಲೇ ತಿಳಿಯಿತು. ಏಜೆನ್ಸಿ ಕಳಿಸಿದ ಅಭ್ಯರ್ಥಿ ಕೆಲವು ತಿಂಗಳೊಳಗೆ ಬಿಟ್ಟುಹೋದರೆ ಎಷ್ಟೋ ಕಡೆ ಕಮಿಷನ್ ವಾಪಸ್ ಕೊಡಬೇಕು, ಇಲ್ಲವೇ ಬಿಟ್ಟಿಯಾಗಿ ಇನ್ನೊಬ್ಬರನ್ನು ಹುಡುಕಿ ಕೊಡಬೇಕು. ಹಾಗಾಗಿ ಅವರಿಗೆ ಬೇಕಾದ್ದು ಹೊಗಳಿಕೆ ಅಲ್ಲ. ಈ ಹುಡುಗ ಎಲ್ಲಿ ಎಡವುತ್ತಾನೆ, ಎಡವಿದಾಗ ಏನು ಮಾಡಬೇಕು ಅನ್ನೋದು.

ಈ ಹುಡುಗ ನನ್ನ ಕೈಕೆಳಗೆ ಸುಮಾರು ಮೂರು ವರ್ಷ ಬ್ಯಾಕೆಂಡ್ ಕೆಲಸ ಮಾಡಿದ್ದ. ಅವನು ರೆಫರೆನ್ಸ್ ಕೇಳಿದಾಗ ನಾವಿಬ್ಬರೂ ಆ ಕಂಪನಿ ಬಿಟ್ಟಾಗಿತ್ತು. ಇದು ಅನುಕೂಲವೇ ಆಯಿತು. ಕೆಲಸದಲ್ಲಿರುವಾಗ ಎಷ್ಟೋ ಕಡೆ ಹುದ್ದೆ ಮತ್ತು ದಿನಾಂಕ ಬಿಟ್ಟು ಬೇರೇನೂ ಹೇಳುವ ಹಾಗಿಲ್ಲ, ಅದನ್ನೂ ಎಚ್‌ಆರ್ ಮೂಲಕವೇ ಹೇಳಬೇಕು. ಒಪ್ಪುವ ಮುಂಚೆ ಅವನಿಂದ ಆ ಹುದ್ದೆಯ ವಿವರ ತರಿಸಿಕೊಂಡೆ. ಆಮೇಲೆ ಫೋನಿನಲ್ಲೇ ಹೇಳಿದೆ: "ನೋಡು, ಕೆಲಸ ತಡವಾದಾಗ ನೀನು ಬಾಯಿ ಬಿಡಲ್ಲ. ಇದನ್ನು ಬರೆಯುತ್ತೇನೆ. ಬೇಡ ಅಂದರೆ ಬೇರೆಯವರನ್ನು ಕೇಳು." ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಬರೀರಿ ಸರ್, ನಿಜಾನೇ ಅಲ್ವಾ" ಅಂದ.

ಪತ್ರ ಒಂದು ಪುಟ ದಾಟಲಿಲ್ಲ. ನಾನು ಅವನಿಗೆ ಏನಾಗಿದ್ದೆ, ಯಾವಾಗಿನಿಂದ ಯಾವಾಗಿನವರೆಗೆ ಅವನ ಕೆಲಸ ಕಣ್ಣಾರೆ ಕಂಡಿದ್ದೆ ಅಂತ ಮೊದಲು ಬರೆದೆ. ಆಮೇಲೆ ಒಂದೇ ಒಂದು ಕೆಲಸದ ಕಥೆ. ತಿಂಗಳ ಕೊನೆಯ ಬಿಲ್ಲಿಂಗ್ ಪ್ರೋಗ್ರಾಂ ಓಡಿ ಮುಗಿಯಲು ಹೆಚ್ಚುಕಡಿಮೆ ಆರು ಗಂಟೆ ಹಿಡಿಯುತ್ತಿತ್ತು. ಒಂದೊಂದೇ ಸಾಲಿಗೆ ಡೇಟಾಬೇಸ್‌ಗೆ ಹೋಗಿ ಬರುವುದನ್ನು ಇವನು ಬ್ಯಾಚ್ ಮಾಡಿದ, ಇಂಡೆಕ್ಸ್ ಒಂದನ್ನು ಸೇರಿಸಿದ. ಮುಕ್ಕಾಲು ಗಂಟೆಯ ಆಸುಪಾಸಿಗೆ ಇಳಿಯಿತು. ಸಮಸ್ಯೆ ಕಂಡುಹಿಡಿದದ್ದೂ ಅವನೇ, ಯಾರೂ ಹೇಳಿರಲಿಲ್ಲ ಅನ್ನೋದನ್ನೂ ಸೇರಿಸಿದೆ. ಇದನ್ನು ಓದಿದವರಿಗೆ "ಪ್ರತಿಭಾವಂತ" ಅಂತ ಬೇರೆ ಹೇಳಬೇಕಿಲ್ಲ.

ಕುಂದನ್ನೂ ಹೀಗೆಯೇ ಬರೆದೆ: "ಅಂದಾಜು ತಪ್ಪಿದಾಗ ತಾನಾಗಿ ತಿಳಿಸುವುದಿಲ್ಲ, ಗಡುವಿನ ದಿನವೇ ಗೊತ್ತಾಗುತ್ತದೆ. ವಾರದ ನಡುವೆ ಹತ್ತು ನಿಮಿಷ ಕೂತು ಮಾತಾಡುವುದನ್ನು ಶುರು ಮಾಡಿದ ಮೇಲೆ ಇದು ಬಹುಪಾಲು ನಿಂತಿತು." ಎರಡನೇ ವಾಕ್ಯ ಇಲ್ಲದಿದ್ದರೆ ಮೊದಲನೆಯದು ಬರೀ ಚಾಡಿ. ರಜೆ, ಆರೋಗ್ಯ, ಮನೆ ವಿಷಯ ಒಂದಕ್ಷರವೂ ಇಲ್ಲ. ಕೊನೆಗೆ "ಇದೇ ಹುದ್ದೆಗೆ ಮತ್ತೆ ತೆಗೆದುಕೊಳ್ಳುತ್ತೇನೆ" ಅಂತ ಬರೆದೆ. ಈ ಸಾಲು ಇಲ್ಲದ ಪತ್ರವನ್ನು ಎಷ್ಟೋ ರಿಕ್ರೂಟರ್‌ಗಳು ಅನುಮಾನದಿಂದ ನೋಡಬಹುದು.

ಒಂದಷ್ಟು ದಿನ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟೂ ನೋಡಿದ್ದೆ. ದಂಡ. ನಾನು ಒಳ್ಳೆಯದು ಅಂತ ಕೊಟ್ಟ ಏಳನ್ನು ರಿಕ್ರೂಟರ್‌ಗಳು ಫೇಲ್ ಅಂತ ಓದಿದರು. ಕರಡನ್ನು ಅಭ್ಯರ್ಥಿಗೆ ಮೊದಲೇ ತೋರಿಸುವುದನ್ನೂ ಮಾಡಿ ಬಿಟ್ಟೆ. ಒಬ್ಬಳು ತಿದ್ದಿ ತಿದ್ದಿ ಅದನ್ನು ತನ್ನ ರೆಸ್ಯೂಮೆ ಮಾಡಿಟ್ಟಳು. ಈಗ ಬರೆಯುವ ಕುಂದನ್ನು ಬಾಯಲ್ಲಿ ಹೇಳುತ್ತೇನೆ, ಅಷ್ಟೇ.

ಪತ್ರ ಕಳಿಸಿದ ಮರುದಿನವೇ ರಿಕ್ರೂಟರ್ ಫೋನ್ ಬಂತು. ನಾನು ಕಟ್ ಮಾಡಿ, ಅವರ ಕಂಪನಿಯ ನಂಬರ್ ಹುಡುಕಿ ವಾಪಸ್ ಮಾಡಿದೆ. ರಿಕ್ರೂಟರ್ ಹೆಸರಲ್ಲಿ ಯಾರು ಬೇಕಾದರೂ ಮಾತಾಡಬಹುದು. ಹಿಂದಿನ ಸಂಬಳ ಕೇಳಿದರು, "ಅದನ್ನು ಅವನನ್ನೇ ಕೇಳಿ" ಅಂದೆ. "ಲೀಡ್ ಮಾಡಬಹುದಾ?" ಅಂದರು. "ಈಗಲೇ ಬೇಡ, ಮೂವರಿಗಿಂತ ಜಾಸ್ತಿ ಜನರನ್ನು ನಡೆಸಿದ್ದು ನಾನು ನೋಡಿಲ್ಲ" ಅಂದೆ. ಹುದ್ದೆ ಲೀಡ್ ಅಲ್ಲದ್ದರಿಂದ ಪೆಟ್ಟೇನೂ ಬೀಳಲಿಲ್ಲ. ಆ "ಬೇಡ" ಕೇಳಿದ ಮೇಲೆಯೇ ಉಳಿದದ್ದನ್ನು ನಂಬಿದೆವು ಅಂತ ಆಮೇಲೆ ಅವರೇ ಹೇಳಿದರು.

ಒಪ್ಪುವ ಮುಂಚೆ ಅಭ್ಯರ್ಥಿಗೆ ನಾನು ಕೇಳುವ ಪ್ರಶ್ನೆ ಇನ್ನೊಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಬಂದ ಉತ್ತರ ನೋಡಿ ಈಚೆಗೆ ಇಬ್ಬರಿಗೆ ಇಲ್ಲ ಅಂದೆ. ಅವರು ಬೇರೆಯವರನ್ನು ಹುಡುಕಿಕೊಳ್ಳಲಿ ಅಂತ ಅದೇ ದಿನ ತಿಳಿಸಿದೆ. ಒಬ್ಬನು ಈಗಲೂ ಮಾತು ಬಿಟ್ಟಿದ್ದಾನೆ.