ಬೆಲೆ ಏರಿದಾಗ ಗೆದ್ದವರು ಯಾರು, ಸೋತವರು ಯಾರು: ಮನೆಯಲ್ಲೇ ಲೆಕ್ಕ ಹಾಕುವುದು ಹೇಗೆ?

ಬೆಲೆ ಏರಿದರೆ ಠೇವಣಿ ಇಟ್ಟವರಿಗೆ ನಷ್ಟ, ಸಾಲ ಮಾಡಿದವರಿಗೆ ಲಾಭ. ಈ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಬಡ್ಡಿ ದರ ಬದಲಾಗುವ ಮನೆ ಸಾಲಕ್ಕೆ ಇದು ಹೊಂದುವುದಿಲ್ಲ. ಹಾಸನದಲ್ಲಿ ಸಾಲದ ಕಾಗದ ಹಿಡಿದು ನನ್ನ ಹತ್ತಿರ ಬರುವವರಲ್ಲಿ ಈ ಮಾತು ನಂಬಿ ಸುಮ್ನೆ ಕೂತವರೇ ಜಾಸ್ತಿ. ಹಾಗಾಗಿ ಒಂದು ಮನೆಯ ಉದಾಹರಣೆ ಇಟ್ಟುಕೊಂಡು ಲೆಕ್ಕವನ್ನು ಪೂರ್ತಿ ಹೇಳುತ್ತೇನೆ.

ಅಪ್ಪ ಖಾಸಗಿ ಕಂಪನಿಯಲ್ಲಿದ್ದವರು. 2021ರ ಆರಂಭದಲ್ಲಿ 58ಕ್ಕೆ ನಿವೃತ್ತರಾದರು. ಬಂದ ದುಡ್ಡಿನಲ್ಲಿ 3 ಲಕ್ಷ ಮತ್ತು 2 ಲಕ್ಷದ ಎರಡು ಠೇವಣಿ, ಐದು ವರ್ಷಕ್ಕೆ, 5.4% ಬಡ್ಡಿಗೆ. ಅದೇ ಹೊತ್ತಿಗೆ ಮಗ 20 ಲಕ್ಷ ಮನೆ ಸಾಲ ತೆಗೆದ. 20 ವರ್ಷದ ಅವಧಿ, 7% ಬಡ್ಡಿ, ತಿಂಗಳಿಗೆ 15,506 ರೂಪಾಯಿ ಕಂತು.

ಮೊದಲು, ನಿರೀಕ್ಷೆ ಎಷ್ಟಿತ್ತು ನೋಡಿ

ಎಲ್ಲ ಬೆಲೆ ಏರಿಕೆಯೂ ನಷ್ಟ ತರುವುದಿಲ್ಲ. ಮುಂದೆ ಬೆಲೆ ಎಷ್ಟು ಏರಬಹುದು ಎಂಬ ಅಂದಾಜು ಬಡ್ಡಿ ದರದೊಳಗೇ ಸೇರಿರುತ್ತದೆ. ಆ ಅಂದಾಜನ್ನು ಮೀರಿ ಏರಿದ್ದಷ್ಟೇ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುವುದು. ರಿಸರ್ವ್ ಬ್ಯಾಂಕಿನ ಗುರಿ 4% ಹಣದುಬ್ಬರ. ಅಪ್ಪ ಅದನ್ನೇ ನಂಬಿದ್ದರು ಎನ್ನೋಣ. ಆಗ 5.4% ಬಡ್ಡಿಯಲ್ಲಿ ಬೆಲೆ ಏರಿಕೆ ಕಳೆದು 1.4% ಕೈಯಲ್ಲಿ ಉಳಿಯಬೇಕಿತ್ತು. ಆದರೆ 2022-23ರಲ್ಲಿ ಹಣದುಬ್ಬರ ಸರಾಸರಿ 6.7% ಇತ್ತು. ಉಳಿಯುವುದಿರಲಿ, 1.3% ಕೈಬಿಟ್ಟು ಹೋಯಿತು. ನಿರೀಕ್ಷೆಗೂ ನಿಜಕ್ಕೂ 2.7% ಅಂತರ. ಐದು ಲಕ್ಷಕ್ಕೆ ಆ ಒಂದು ವರ್ಷದಲ್ಲೇ 13,500 ರೂಪಾಯಿ. ಪಾಸ್‌ಬುಕ್ಕಿನಲ್ಲಿ ಈ ನಷ್ಟ ಎಲ್ಲೂ ಕಾಣುವುದಿಲ್ಲ.

ಪಿಂಚಣಿ ಯಾವ ಜಾತಿಯದು?

ಸರ್ಕಾರಿ ಪಿಂಚಣಿಯಾದರೆ ತುಟ್ಟಿಭತ್ಯೆ ಇದೆ. ತಡವಾಗಿಯಾದರೂ ಬೆಲೆಯ ಹಿಂದೆ ಬರುತ್ತದೆ. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ಮೂರು ಕಂತು ತಡೆಹಿಡಿದು, ಆ ತಿಂಗಳುಗಳ ಬಾಕಿ ಕೊಡಲೇ ಇಲ್ಲ ಎಂಬುದೂ ನೆನಪಿರಲಿ. ಖಾಸಗಿ ನೌಕರರ ಇಪಿಎಸ್ ಪಿಂಚಣಿಗೆ ತುಟ್ಟಿಭತ್ಯೆಯೇ ಇಲ್ಲ. ಅದರ ಕನಿಷ್ಠ ಮೊತ್ತ 2014ರಲ್ಲಿ 1,000 ರೂಪಾಯಿ ಆದದ್ದು, ಆಮೇಲೆ ವರ್ಷಗಟ್ಟಲೆ ಹಾಗೇ ನಿಂತಿತು. ವಿಮಾ ಕಂಪನಿಯಿಂದ ಕೊಂಡ ಪಿಂಚಣಿಯಲ್ಲಿ ಮೊತ್ತ ಸಾಮಾನ್ಯವಾಗಿ ಮೊದಲ ದಿನವೇ ನಿಗದಿ. ನಮ್ಮ ಉದಾಹರಣೆಯ ಅಪ್ಪ ಎರಡೂ ಕಡೆ ಸೋತವರು: ಠೇವಣಿಯೂ ಬಿಗಿ, ಪಿಂಚಣಿಯೂ ಬಿಗಿ. ಇಂಥವರಿಗೆ "ಜೀವನಪೂರ್ತಿ ಗ್ಯಾರಂಟಿ ಆದಾಯ" ಅಂತ ಇನ್ನೊಂದು ನಿಗದಿ ಮೊತ್ತದ ಯೋಜನೆ ಮಾರಲು ಬಂದರೆ ಖಂಡಿತ ಬೇಡ ಎನ್ನಿ. ಹಳೆಯ ಗಾಯಕ್ಕೇ ಹೊಸ ಏಟು ಅದು.

ಈಗ ಮನೆ ಸಾಲ. ಇಲ್ಲೇ ಎಲ್ಲರೂ ಎಡವುವುದು

ಬೆಲೆ ಅನಿರೀಕ್ಷಿತವಾಗಿ ಏರಿದಾಗ ಸಾಲಗಾರ ಗೆಲ್ಲುವುದು ಬಡ್ಡಿ ದರ ಕದಲದಿದ್ದರೆ ಮಾತ್ರ. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಹೊಸ ಬದಲಾಗುವ ದರದ ಮನೆ ಸಾಲಗಳು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದಂಥ ಹೊರಗಿನ ದರಕ್ಕೆ ಕಟ್ಟಿಹಾಕಿದವು. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಹೊಸದಾಗಿ ನಿಗದಿಯಾಗಬೇಕು. ಹಣದುಬ್ಬರ ತಡೆಯಲು ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಲ್ಲಿ ಶುರುಮಾಡಿ, 2023ರ ಫೆಬ್ರವರಿಯೊಳಗೆ ರೆಪೊ ದರವನ್ನು 4%ನಿಂದ 6.5%ಗೆ ಏರಿಸಿತು. ಮಗನ 7% ಸಾಲ 9.5% ಆಯಿತು. ಬೆಲೆ ಏರಿದ ಮೊದಲ ಕೆಲವು ತಿಂಗಳು ಅವನು ಗೆದ್ದಿದ್ದ. ಆಮೇಲೆ ಆಟ ತಿರುಗಿತು.

"ನಮ್ಮ ಕಂತೇನೂ ಏರಿಲ್ವಲ್ಲ ಸಾರ್" ಅನ್ನುತ್ತಾರೆ. ನಿಜ, ಕಂತು ಏರುವುದಿಲ್ಲ. ಬ್ಯಾಂಕು ಅವಧಿಯನ್ನು ಎಳೆದಿರುತ್ತದೆ. ಮಗನ ಲೆಕ್ಕ ನೋಡಿ. ಎರಡು ವರ್ಷ ಕಟ್ಟಿದ ಮೇಲೆ ಅಸಲು ಸುಮಾರು 19 ಲಕ್ಷ ಬಾಕಿ, 18 ವರ್ಷ ಉಳಿದಿದೆ. ಲೆಕ್ಕ ಸರಳವಾಗಿರಲಿ ಅಂತ ದರ ಆಗಲೇ ಒಟ್ಟಿಗೆ ಏರಿತು ಎಂದಿಟ್ಟುಕೊಂಡಿದ್ದೇನೆ. 7% ಇದ್ದಾಗ 15,506ರ ಕಂತಿನಲ್ಲಿ ಸುಮಾರು 11,100 ಬಡ್ಡಿಗೆ, 4,400 ಅಸಲಿಗೆ ಹೋಗುತ್ತಿತ್ತು. 9.5% ಆದ ಮೇಲೆ ಬಡ್ಡಿಗೇ 15,042. ಅಸಲಿಗೆ ಉಳಿದದ್ದು 464 ರೂಪಾಯಿ! ಇದೇ ಕಂತಿನಲ್ಲಿ ಸಾಲ ತೀರಲು 18 ವರ್ಷ ಸಾಲದು, 37 ವರ್ಷ ಬೇಕು. ಅಷ್ಟು ಉದ್ದ ಎಳೆಯಲು ಬ್ಯಾಂಕು ಸಾಮಾನ್ಯವಾಗಿ ಬಿಡುವುದಿಲ್ಲ. ತನ್ನ ಮಿತಿಯವರೆಗೆ ಎಳೆದು, ಆಮೇಲೆ ಕಂತು ಏರಿಸುತ್ತದೆ.

ನಿಮ್ಮ ಸಾಲದ ಗತಿ ತಿಳಿಯಲು ಬಡ್ಡಿ ದರ ನೋಡಿದರೆ ಸಾಲದು. ಸಾಲದ ಸ್ಟೇಟ್‌ಮೆಂಟಿನಲ್ಲಿ "ಉಳಿದ ಕಂತುಗಳು" ಎಷ್ಟೆಂದು ನೋಡಿ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಆದೇಶದಂತೆ ಮೂರು ತಿಂಗಳಿಗೊಮ್ಮೆ ಕೊಡುವ ಸ್ಟೇಟ್‌ಮೆಂಟಿನಲ್ಲಿ ಅದು ಇರಲೇಬೇಕು. ಸಾಲ ತೆಗೆದ ದಿನದ ಒಟ್ಟು ಕಂತುಗಳಲ್ಲಿ ಈವರೆಗೆ ಕಟ್ಟಿದ್ದನ್ನು ಕಳೆದು ಉಳಿಯುವುದಕ್ಕಿಂತ ಜಾಸ್ತಿ ಇದ್ದರೆ ಅವಧಿ ಎಳೆದಿದ್ದಾರೆ ಎಂದೇ ಅರ್ಥ. ಬಡ್ಡಿ ಏರಿದಾಗ ಕಂತು ಏರಿಸುವುದೋ, ಅವಧಿ ಎಳೆಯುವುದೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ನಿಮ್ಮನ್ನು ಕೇಳಬೇಕು ಎಂಬುದೂ ಅದೇ ಆದೇಶದಲ್ಲಿದೆ. ಕೇಳಲಿಲ್ಲವೆಂದರೆ ನೀವೇ ಶಾಖೆಗೆ ಬರೆದುಕೊಡಿ. ಬಾಯಲ್ಲಿ ಹೇಳಿ ಬರಬೇಡಿ.

ನನ್ನ ಸಲಹೆ ಒಂದೇ: ಅವಧಿ ಎಳೆಯಲು ಬಿಡಬೇಡಿ. 18 ವರ್ಷದಲ್ಲೇ ಮುಗಿಯಬೇಕಾದರೆ ಕಂತು 18,390 ಆಗುತ್ತದೆ. ತಿಂಗಳಿಗೆ 2,900 ಹೊರೆ ನಿಜ. ಆದರೆ ಒಟ್ಟು ಕಟ್ಟುವುದು 40 ಲಕ್ಷದೊಳಗೆ ಮುಗಿಯುತ್ತದೆ. ಹಳೇ ಕಂತಿನಲ್ಲೇ 37 ವರ್ಷ ಎಳೆದರೆ 69 ಲಕ್ಷ. ಸಂಬಳಕ್ಕೆ ತುಟ್ಟಿಭತ್ಯೆ ಸೇರುವ ಸರ್ಕಾರಿ ನೌಕರರು, ಕಾಫಿಗೆ ಒಳ್ಳೇ ರೇಟು ಸಿಕ್ಕ ಚಿಕ್ಕಮಗಳೂರಿನ ಬೆಳೆಗಾರರು ಈ ಹೊರೆ ಹೊರಬಲ್ಲರು. ಅವರೇ ನಿಜವಾಗಿ ಗೆಲ್ಲುವ ಸಾಲಗಾರರು. ಸಂಬಳ ಏರದವರಿಗೆ ಇನ್ನೊಂದು ದಾರಿ ಇದೆ.

ಅಪ್ಪನ ಠೇವಣಿ, ಮಗನ ಸಾಲ ಒಟ್ಟಿಗೆ ಇಟ್ಟು ನೋಡಿ

ಒಂದೇ ಸೂರಿನಡಿ 5.4% ಬಡ್ಡಿ ಬರುತ್ತಿದೆ, 9.5% ಬಡ್ಡಿ ಹೋಗುತ್ತಿದೆ. ಸುಮಾರು 3 ಲಕ್ಷ ಅಸಲಿಗೆ ಕಟ್ಟಿಬಿಟ್ಟರೆ ಹಳೇ 15,506ರ ಕಂತಿನಲ್ಲೇ 18 ವರ್ಷದೊಳಗೆ ಸಾಲ ಮುಗಿಯುತ್ತದೆ. ಬದಲಾಗುವ ದರದ ಮನೆ ಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ದಂಡವಿಲ್ಲ.

ಠೇವಣಿ ಮುರಿದರೆ ನಷ್ಟ ಅಲ್ವಾ ಅನ್ನಬಹುದು. ನಷ್ಟ ಇದೆ, ಆದರೆ ಅಳೆದು ನೋಡಿ. ಮುರಿದಾಗ ಐದು ವರ್ಷದ ದರ ಸಿಗುವುದಿಲ್ಲ. ಠೇವಣಿ ಇಟ್ಟ ದಿನ ಎರಡು ವರ್ಷಕ್ಕೆ ಎಷ್ಟು ದರ ಇತ್ತೋ ಅದರಲ್ಲಿ ದಂಡ ಕಳೆದು ಕೊಡುತ್ತಾರೆ. ಆ ದರ 5.1%, ದಂಡ ಅರ್ಧ ಪರ್ಸೆಂಟ್ ಎನ್ನೋಣ. ಸಿಗುವುದು 4.6%. ಅಂದರೆ 3 ಲಕ್ಷಕ್ಕೆ ಎರಡು ವರ್ಷದಲ್ಲಿ ಸುಮಾರು 4,800 ರೂಪಾಯಿ ಕಡಿಮೆ. ಆದರೆ ಮುಂದೆ ಬಡ್ಡಿಯ ಅಂತರದಿಂದ ವರ್ಷಕ್ಕೆ 12,300 ಉಳಿತಾಯ. ಐದು ತಿಂಗಳೊಳಗೆ ನಷ್ಟ ತುಂಬಿತು.

2 ಲಕ್ಷದ ರಸೀದಿ ಮುಟ್ಟಬೇಡಿ, ಅದು ಆಸ್ಪತ್ರೆಗೆ. ಮಗ ಅಪ್ಪನಿಗೆ 3 ಲಕ್ಷಕ್ಕೆ ತಿಂಗಳಿಗೆ 1,350 ರೂಪಾಯಿಯಾದರೂ ಕೊಡಬೇಕು. ಅದು ಠೇವಣಿ ಕೊಡುತ್ತಿದ್ದ 5.4%ನಷ್ಟೇ ದುಡ್ಡು. ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೂ ಮಗನಿಗೆ ಲಾಭವೇ. ಈ ಮಾತುಕತೆ ಆಗದೆ ಠೇವಣಿ ಮುರಿಯುವುದು ಬೇಡ.

ಮುಂದಿನ ಠೇವಣಿ

ಎಲ್ಲವನ್ನೂ ಒಂದೇ ಐದು ವರ್ಷಕ್ಕೆ ಇಡಬೇಡಿ. ಒಂದು, ಎರಡು, ಮೂರು ವರ್ಷಕ್ಕೆ ಅಂತ ಒಡೆದು ಬೇರೆ ಬೇರೆ ರಸೀದಿ ಮಾಡಿಸಿ. ಬಡ್ಡಿ ಏರಿದರೆ ಮೊದಲು ಮುಗಿದ ರಸೀದಿಯನ್ನು ಹೊಸ ದರಕ್ಕೆ ಇಡಬಹುದು.

ಬಡ್ಡಿ ಇಳಿದಾಗ ಸಾಲದ ಕಡೆ ಇನ್ನೊಂದು ಕೆಲಸವಿದೆ. 2025ರಲ್ಲಿ ರೆಪೊ ದರ 6.5%ನಿಂದ 5.25%ಗೆ ಇಳಿಯಿತು. ಇಂಥ ಹೊತ್ತಿನಲ್ಲಿ ಕಂತು ಕಡಿಮೆ ಮಾಡಿಸಿಕೊಳ್ಳಬೇಡಿ. ಹಳೇ ಕಂತನ್ನೇ ಕಟ್ಟುತ್ತಾ ಹೋಗಿ, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಉಳಿದ ಕಂತುಗಳು ನೀವು ಕಟ್ಟಿದ ಕಂತುಗಳಿಗಿಂತ ಜಾಸ್ತಿ ಇಳಿದಿವೆಯೇ ನೋಡಿ. ಇಳಿದಿಲ್ಲವೆಂದರೆ ದರ ಇಳಿಕೆ ನಿಮ್ಮ ಖಾತೆಗೆ ಇನ್ನೂ ಬಂದಿಲ್ಲ. ಸಾಲ ಇನ್ನೂ ಬ್ಯಾಂಕು ತಾನೇ ನಿಗದಿಮಾಡುವ ಹಳೆಯ ಎಂಸಿಎಲ್‌ಆರ್ ದರದ ಲೆಕ್ಕದಲ್ಲೇ ಇದೆಯೇ ಎಂದು ಶಾಖೆಯಲ್ಲಿ ಕೇಳಿ. ಇದ್ದರೆ ರೆಪೊ ದರದ ಸಾಲಕ್ಕೆ ಬದಲಾಯಿಸಲು ಎಷ್ಟು ಶುಲ್ಕ ಎಂದು ಅಲ್ಲೇ ವಿಚಾರಿಸಿ.